ತಂದೆ-ತಾಯಿ ಇಲ್ಲದ ಮಗುವಿಗೆ ಅಜ್ಜ ದತ್ತಕ ಪತ್ರ ಬರೆದುಕೊಡಬಹುದೇ?

ಪ್ರಶ್ನೆ: ತಂಗಿ, ಅಕಿ ಗಂಡ ಇಬ್ಬರೂ ತೀರಿಕೊಂಡಾರ್ರಿ. ಅವರ ಮಗಳು, 7 ವರ್ಷ, ಹಾವೇರಿಯಿಂದ ಹೋದ ತಿಂಗಳ ಹುಬ್ಬಳ್ಳಿಗೆ ನಮ್ಮ ಮನಿಗೆ ಬಂದಾಳ. ನನಗ ಒಬ್ಬ ಮಗ ಅದಾನ. ಅಕಿ ಅಜ್ಜ ಸಹಿ ಮಾಡಿ ದತ್ತಕ ಪತ್ರ ಕೊಡ್ತೀನಿ ಅಂತಾರ. ಶಾಲಿಗೆ, ಪಾಸ್‌ಪೋರ್ಟಿಗೆ ಸಾಕೇನ್ರಿ?

ಗದಗದಿಂದ ಒಬ್ಬರು: ಸಾಕಾಗತೈತ್ರಿ. ಕೊಡೋರು, ತಗೊಳ್ಳೋರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸಿದ್ರ ಮುಗೀತು. ಮನಿಯಾಕಿ ಒಪ್ಪಿಗಿ ಮಾತ್ರ ಬಿಡಬ್ಯಾಡ್ರಿ.

ಧಾರವಾಡದ ವಕೀಲರು: ಹೆಂಡತಿಯ ಒಪ್ಪಿಗೆ ಬೇಕು ಅನ್ನೋದು ಖರೆ. ಆದರೆ ಅಜ್ಜನಿಗೆ ಕೊಡುವ ಅಧಿಕಾರವೇ ಇಲ್ಲ. 1956ರ ಹಿಂದೂ ದತ್ತಕ ಕಾಯ್ದೆಯ 9ನೇ ಕಲಂ ಪ್ರಕಾರ ಮಗುವನ್ನು ಕೊಡುವವರು ತಂದೆ, ತಾಯಿ. ಇಬ್ಬರೂ ತೀರಿಹೋಗಿದ್ದರೆ ಪಾಲಕರು, ಅದೂ ನ್ಯಾಯಾಲಯದ ಪೂರ್ವಾನುಮತಿ ಪಡೆದು. ನೋಂದಣಿಯ ಮುದ್ರೆ ಬಿದ್ದಿದ್ದರೂ ಕೊಟ್ಟವರಿಗೆ ಹಕ್ಕಿಲ್ಲದ ಪತ್ರ ಪ್ರಶ್ನೆ ಬಂದ ದಿನ ನಿಲ್ಲುವುದಿಲ್ಲ.

ಹಾಗಾಗಿ ಮೊದಲು 1890ರ ಪಾಲಕತ್ವ ಕಾಯ್ದೆಯಡಿ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕ್ರಿ. ಇಬ್ಬರ ಮರಣ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ, ತಂಗಿಯ ಸಂಬಂಧ ತೋರಿಸುವ ದಾಖಲೆ ಲಗತ್ತಿಸ್ರಿ. ಅಜ್ಜನ ಸಹಿ ಇಲ್ಲಿ ಉಪಯೋಗಕ್ಕೆ ಬರತೈತಿ: ತಕರಾರಿಲ್ಲ ಅಂತ ಅವರ ಪ್ರಮಾಣಪತ್ರವಿದ್ದರೆ ದಾರಿ ಸರಳ.

ಬಹಳ ಮಂದಿ ಎಡವುವುದು ಅರ್ಜಿಯ ಕೊನೆಯ ಪುಟದಲ್ಲಿ. ಬರೀ 'ಪಾಲಕರೆಂದು ನೇಮಿಸಬೇಕು' ಅಂತ ಕೇಳಿರತಾರ. 26ನೇ ಕಲಂ ಪ್ರಕಾರ ನ್ಯಾಯಾಲಯ ನೇಮಿಸಿದ ಪಾಲಕರು ಮಗುವನ್ನು ಅದರ ವ್ಯಾಪ್ತಿಯ ಹೊರಗೆ ಕರೆದೊಯ್ಯಲು ಸಾಮಾನ್ಯವಾಗಿ ಅನುಮತಿ ಪಡೆಯಬೇಕು. ಆದ್ದರಿಂದ 'ಪಾಸ್‌ಪೋರ್ಟಿಗೆ ಪಾಲಕನಾಗಿ ಸಹಿ ಮಾಡಲು, ವಿದೇಶಕ್ಕೆ ಕರೆದೊಯ್ಯಲು ಅನುಮತಿ ನೀಡಬೇಕು' ಅಂತ ಬೇರೆಯಾಗಿ ಬರೆಸ್ರಿ. ಆದೇಶದಲ್ಲಿ ಆ ಸಾಲಿಲ್ಲದಿದ್ದರೆ ಮತ್ತೊಂದು ಅರ್ಜಿ, ಮತ್ತೊಂದು ಅಲೆದಾಟ.

ಶಾಲಾ ಮುಖ್ಯೋಪಾಧ್ಯಾಯಿನಿ, ಹುಬ್ಬಳ್ಳಿ: ಶಾಲೆಗಾಗಿ ಆದೇಶಕ್ಕೆ ಕಾಯಬ್ಯಾಡ್ರಿ ಅಣ್ಣಾರ. ಮಗು 7 ವರ್ಷದ್ದು. ವಯಸ್ಸಿನ ದಾಖಲೆ ಇಲ್ಲ ಅಂತಲೂ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳತದ. ತಂದೆ-ತಾಯಿ ಕಾಲಮ್ಮಿನಲ್ಲಿ ತೀರಿಹೋದವರ ಹೆಸರನ್ನೇ ಬರೆಸ್ರಿ. ಪ್ರೀತಿಯಿಂದ ನಿಮ್ಮ ಹೆಸರು ಹಾಕಿಸಿದರೆ ಜನನ ಪ್ರಮಾಣಪತ್ರಕ್ಕೂ ಶಾಲಾ ದಾಖಲೆಗೂ ತಾಳೆ ಆಗದೆ ಮುಂದೆ ಪಾಸ್‌ಪೋರ್ಟಿನಲ್ಲಿ ಆ ಕೂಸೇ ಸಿಕ್ಕಿಬೀಳತದ.

ಹಾನಗಲ್ಲಿನ ಒಬ್ಬರು: ನಮ್ಮದು ಮುಸ್ಲಿಂ ಮನೆತನ, ಅಣ್ಣನ ಮಗ ನಮ್ಮಲ್ಲಿದ್ದಾನೆ. ನಮಗೂ ಇದೇನಾ?

ವಕೀಲರು: ಆ ದತ್ತಕ ಕಾಯ್ದೆ ನಿಮಗೆ ಅನ್ವಯಿಸೋದಿಲ್ಲ, ಪಾಲಕತ್ವದ ಅರ್ಜಿ ಹಾಕಬಹುದು. ದತ್ತಕವೇ ಬೇಕಾದರೆ ಬಾಲನ್ಯಾಯ ಕಾಯ್ದೆಯಡಿ ಸಂಬಂಧಿಕರ ದತ್ತಕಕ್ಕೆ ಯಾವ ಧರ್ಮದವರಿಗೂ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸ್ರಿ. ಆದೇಶ ಕೊಡುವವರು ಈಗ ಜಿಲ್ಲಾಧಿಕಾರಿ.

ಗದಗದವರು: ಅಜ್ಜನ ವಿಷಯ ತಿಳಿದಿರಲಿಲ್ರಿ. ಮತ್ತ ಅರ್ಜಿ ಹಾವೇರಿಗೋ ಹುಬ್ಬಳ್ಳಿಗೋ?

ವಕೀಲರು: ಮಗು ಸಾಮಾನ್ಯವಾಗಿ ವಾಸವಿರುವ ಊರಿಗೆ. ಒಂದು ತಿಂಗಳ ವಾಸ ಅದಕ್ಕೆ ಸಾಕೇ ಅನ್ನೋದರಲ್ಲಿ ವಾದ ಎರಡೂ ಕಡೆ ಇದೆ. ಶಾಲೆಗೆ ಸೇರಿಸಿದ ದಾಖಲೆ ಕೈಯಲ್ಲಿದ್ದರೆ ನಾನಾದರೆ ಹುಬ್ಬಳ್ಳಿಯಲ್ಲೇ ಹಾಕುತ್ತೇನೆ.

ಮುಖ್ಯೋಪಾಧ್ಯಾಯಿನಿ: ಹಂಗಿದ್ರ ಈ ವಾರವೇ ಕರಕೊಂಡು ಹೋಗಿ ಸೇರಿಸ್ರಿ, ಪ್ರವೇಶದ ದೃಢೀಕರಣ ಪತ್ರ ಕೇಳಿ ಇಸಕೊಳ್ರಿ.