ದಲಾಲರ ಫೋನ್ ಮಾತು ಒಂದು ಹಾಳೆಗೆ ಇಳಿಸುವುದು ಹೇಗೆ?

ಪ್ರಶ್ನೆ: ಜಮಖಂಡಿ ಕಡೆ ಎರಡೂವರೆ ಎಕರೆ ಹೊಲ ನೋಡ್ತಾ ಇದ್ದೀವಿ. ದಲಾಲರು ಫೋನಿನಲ್ಲಿ ಹೇಳಿದ್ದೆಲ್ಲ ರೆಕಾರ್ಡ್ ಆಗಿದೆ. ಬೆಲೆ, ಚೆಕ್‌ಬಂದಿ, ನೋಡಿದ ಕಾಗದ, ಅನುಮಾನ ಇಷ್ಟನ್ನು ಮನೆಯವರಿಗೆ ಒಂದೇ ಹಾಳೆಯಲ್ಲಿ ತೋರಿಸಬೇಕು. ಹೇಗೆ ಬರೆಯೋದು?

ವಿಜಯಪುರ, ಖರೇದಿ ಪತ್ರ ಬರೆಯುವವರು: ಅವರ ಮಾತನ್ನು ತಿದ್ದದೆ ಬರೆಯಿರಿ. ಪಕ್ಕದಲ್ಲಿ ರೆಕಾರ್ಡಿಂಗಿನ ನಿಮಿಷ ಹಾಕಿ. ನನ್ನ ಹತ್ತಿರ ಬಂದ ಒಂದು ಮಾತುಕತೆಯಲ್ಲಿ 4ನೇ ನಿಮಿಷಕ್ಕೆ "ಎಕರೆಗೆ 24 ಲಕ್ಷ" ಅಂತ ಇತ್ತು. 19ನೇ ನಿಮಿಷಕ್ಕೆ "ಒಟ್ಟು 62ಕ್ಕೆ ಮುಗಿಸೋಣ್ರೀ" ಅಂತ ಬಂತು. 2 ಎಕರೆ 20 ಗುಂಟೆಗೆ ಲೆಕ್ಕ ಹಾಕಿದರೆ 60 ಲಕ್ಷ. ಮಿಕ್ಕ 2 ಲಕ್ಷ ದಲಾಲಿಯೋ, ಬಾವಿಯ ಪಾಲೋ? ಬೆಲೆಯ ಜಾಗದಲ್ಲಿ ಎರಡೂ ಅಂಕಿ ಬರೆದೆವು, ಪ್ರಶ್ನೆಯನ್ನು ಅನುಮಾನದ ಕಡೆ ಹಾಕಿದೆವು. ಆಮೇಲೆ ಉತಾರ, ಅಂದರೆ ಪಹಣಿ, ತೆಗೆಸಿದರೆ ಆ 2 ಎಕರೆ 20 ಗುಂಟೆಯಲ್ಲೇ 4 ಗುಂಟೆ ಸಾಗುವಳಿಗೆ ಬಾರದ ಖರಾಬು. ಗುಂಟೆಗೆ 60 ಸಾವಿರದ ಹಾಗೆ 2 ಲಕ್ಷ 40 ಸಾವಿರದ ಮಾತು ಅದು.

ಇನ್ನು ಕಾಗದದ ವಿಷಯ. "ಎಲ್ಲಾ ಕ್ಲಿಯರ್ ಐತ್ರೀ" ಅಂದದ್ದನ್ನು ನೋಡಿದ ಕಾಗದದಲ್ಲಿ ಸೇರಿಸಲೇಬೇಡಿ. ನೀವು ಕಣ್ಣಾರೆ ನೋಡಿದ್ದು ಮಾತ್ರ ಅಲ್ಲಿ ಇರಲಿ. ಮೂಲವಾ, ಝೆರಾಕ್ಸಾ, ವಾಟ್ಸಾಪ್ ಫೋಟೋನಾ, ಯಾವ ವರ್ಷದ್ದು ಅಂತಲೂ ಬರೆಯಿರಿ.

ಮುಧೋಳ: ಇಷ್ಟೆಲ್ಲ ಯಾಕೆ? 30 ವರ್ಷದ ಇಸಿ ತೆಗೆಸಿ, ಸಾಕು.

ವಿಜಯಪುರ, ಖರೇದಿ ಪತ್ರ ಬರೆಯುವವರು: ಇಸಿ ಬೇಕೇ ಬೇಕು ಸರ್. ಆದರೆ ನೋಂದಣಿ ಆದದ್ದಷ್ಟೇ ಅದರಲ್ಲಿ ಕಾಣುತ್ತದೆ. ಬಾಯಿಮಾತಿನಲ್ಲೇ ಪಾಲು ಹಂಚಿಕೊಂಡ ವಾಟ್ನಿ ಕಾಣಲ್ಲ. ರೆಕಾರ್ಡಿಂಗಿನಲ್ಲಿ "ಅಣ್ತಮ್ಮರು ಒಪ್ಪ್ಯಾರ" ಅಂತ ಬಂದರೆ, ಅಕ್ಕ-ತಂಗಿಯರು ಒಪ್ಪಿದ್ದಾರಾ ಅಂತ ಅನುಮಾನದಲ್ಲಿ ಬರೆಯಿರಿ. ಪಿತ್ರಾರ್ಜಿತ ಹೊಲ ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ.

ಬೆಳಗಾವಿ: ನಾವು 30/40 ಪ್ಲಾಟ್ ತಗೊಂಡಾಗ ಕೃಷಿಯೇತರ ಬಳಕೆಯ ಎನ್‌ಎ ಆದೇಶ ಕೇಳಿದ್ದೆವು. ನೀವೂ ಮೊದಲು ಅದನ್ನೇ ಕೇಳಿ.

ಇಂಡಿ, ನಿವೃತ್ತ ಸರ್ವೇಯರ್: ಅಕ್ಕಾರೆ, ಅವರು ಕೇಳ್ತಿರೋದು ಹೊಲ. ಚೆಕ್‌ಬಂದಿಗೆ ಬರೋಣ. ದಲಾಲರು "ಪೂರ್ವಕ್ಕೆ ದಾರಿ" ಅಂತಾರೆ. ಆ ದಾರಿ ಗ್ರಾಮ ನಕಾಶೆಯಲ್ಲಿ ಇದೆಯಾ, ಇಲ್ಲಾ ಪಕ್ಕದವರು ಸುಮ್ನೆ ಬಿಟ್ಟ ಬಂಡಿ ದಾರಿಯಾ? ಎರಡನೆಯದಾದರೆ ನಾಳೆ ಬೇಲಿ ಹಾಕಬಹುದು. ನಾಲ್ಕೂ ದಿಕ್ಕನ್ನು ಹಳೆಯ ಖರೇದಿ ಪತ್ರದ ಜೊತೆ ಇಟ್ಟು ನೋಡಿ. ಹೆಸರು ಬೇರೆ ಇದ್ದರೆ ಗಾಬರಿ ಬೇಡ, ಪಕ್ಕದ ಹೊಲ ಮಾರಿರಬಹುದು. ಹಳ್ಳವೇ ದಿಕ್ಕು ಬದಲಿಸಿದ್ದರೆ ಮಾತ್ರ ನಿಲ್ಲಿ. ಸರ್ವೆ ನಂಬರಿನ ಒಂದು ಭಾಗ ಮಾರುತ್ತಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಆಗಿದೆಯಾ ಅಂತ ಕೇಳಿ.

ಬೀಳಗಿ: ಕೃಷ್ಣೆ ಹತ್ತಿರ ಇದ್ದರೆ ಇನ್ನೊಂದು ಅನುಮಾನ ಬರೆಯಿರಿ. ಆಲಮಟ್ಟಿ ಅಣೆಕಟ್ಟಿನ ಎತ್ತರ 519.60ರಿಂದ 524.256 ಮೀಟರ್‌ಗೆ ಏರಿದರೆ ಈ ಹೊಲ ಮುಳುಗಡೆಗೆ ಬರುತ್ತಾ? ಉತಾರದ 11ನೇ ಕಾಲಂ ನೋಡಿ, ಬಾಗಲಕೋಟೆಯ ಭೂಸ್ವಾಧೀನ ಕಚೇರಿಯಲ್ಲೂ ಕೇಳಿ.

ಪ್ರಶ್ನೆ ಕೇಳಿದವರು: ಹಾಳೆ ಆದ ಮೇಲೆ ದಲಾಲರಿಗೇ ಕಳಿಸಿ "ಹೌದಾ?" ಅಂತ ಕೇಳಬಹುದಾ?

ಇಂಡಿ, ನಿವೃತ್ತ ಸರ್ವೇಯರ್: ಬೆಲೆ, ಚೆಕ್‌ಬಂದಿ ಕಳಿಸಿ. ಅನುಮಾನ ನಿಮ್ಮಲ್ಲೇ ಇರಲಿ.

ವಿಜಯಪುರ, ಖರೇದಿ ಪತ್ರ ಬರೆಯುವವರು: ನಾನು ಅನುಮಾನವನ್ನೂ ಕಳಿಸುತ್ತೇನೆ. ಯಾವುದಕ್ಕೆ ಉತ್ತರ ಬರಲ್ಲವೋ ಅದನ್ನೇ ವಕೀಲರಿಗೆ ಮೊದಲು ತೋರಿಸುತ್ತೇನೆ.