ಆನೆಗೊಂದಿಯ ಬಂಡೆಗುಡ್ಡವನ್ನು ಸುಮಿ-ಎ ಶಾಯಿಚಿತ್ರವಾಗಿಸುವುದು: ಗುಂಪಿನ ಪ್ರಶ್ನೋತ್ತರ

ಬಸವರಾಜ, ಗಂಗಾವತಿ: ವೀರೇಶ್ ಸರ್, ನಮಸ್ಕಾರ. ಜನವರಿಯ ಬೆಳಿಗ್ಗೆ ಆನೆಗೊಂದಿಯ ದಡದಿಂದ ತೆಗೆದ ಚಿತ್ರವನ್ನು ಮೇಲೆ ಹಾಕಿದ್ದೇನೆ. ಮುಂದೆ ಒಂದು ಬಂಡೆ, ನಡುವೆ ಹೊಳೆ ಮತ್ತು ಹರಿಗೋಲು, ಹಿಂದೆ ಎರಡು ಸಾಲು ಗುಡ್ಡಗಳಿವೆ. ಜಪಾನಿನ ಸುಮಿ-ಎ ಚಿತ್ರದಂತೆ ಮಾಡಲು ಫೋಟೊಶಾಪ್‌ನ Sumi-e ಫಿಲ್ಟರ್ ಹಾಕಿದೆ. ಗುಡ್ಡದ ತುಂಬ ಕಪ್ಪು ಗೀರುಗಳು ಬಂದವೇ ಹೊರತು ಶಾಯಿ ಹರಡಿದಂತೆ ಕಾಣಲಿಲ್ಲ. ಎಲ್ಲಿ ತಪ್ಪುತ್ತಿದೆ?

ವೀರೇಶ್, ಬಳ್ಳಾರಿ (ಫೋಟೊ ರೀಟಚಿಂಗ್ ಮತ್ತು ಮುದ್ರಣ): ನಮಸ್ಕಾರ ಬಸವರಾಜ ಅವರೇ. ಚಿತ್ರ ಚೆನ್ನಾಗಿದೆ, ಗುಡ್ಡವೂ ಕಠಿಣವಾದದ್ದೇ ಸಿಕ್ಕಿದೆ. ಆ ಫಿಲ್ಟರ್ ಕಪ್ಪು ಕಂಡಲ್ಲೆಲ್ಲ ಓರೆಗೀರು ಎಳೆಯುತ್ತದೆ. ಮಲೆನಾಡಿನ ಬೆಟ್ಟವಾಗಿದ್ದರೆ ಅಷ್ಟು ತೊಂದರೆಯಾಗುತ್ತಿರಲಿಲ್ಲ. ನಮ್ಮ ಕಡೆಯ ಗುಡ್ಡವೆಂದರೆ ಒಂದರ ಮೇಲೊಂದು ಪೇರಿಸಿದ ಬಂಡೆಗಳು, ಪ್ರತಿ ಬಂಡೆಗೂ ತನ್ನದೇ ಬಿಸಿಲ ಮಗ್ಗುಲು, ತನ್ನದೇ ನೆರಳು. ನೂರಾರು ನೆರಳಿದ್ದರೆ ನೂರಾರು ಗೀರು ಬೀಳಲೇಬೇಕು. ಶಾಯಿಚಿತ್ರಕಾರನು ಗುಡ್ಡವನ್ನು ಬಂಡೆಗಳಾಗಿ ನೋಡುವುದಿಲ್ಲ, ಒಂದೇ ಬಳಿತವಾಗಿ ನೋಡುತ್ತಾನೆ. ಅದರ ಮೇಲಂಚು ಖಚಿತವಾಗಿರುತ್ತದೆ, ಬುಡ ಮಂಜಿನಲ್ಲಿ ಕರಗಿರುತ್ತದೆ. ಆದ್ದರಿಂದ ಮೊದಲ ಕೆಲಸ ಬಂಡೆಗಳನ್ನು ಅಳಿಸುವುದು, ಗುಡ್ಡದ ಏಣನ್ನು ಮಾತ್ರ ಉಳಿಸುವುದು.

ಕಡತವನ್ನು 16 ಬಿಟ್‌ಗೆ ಬದಲಿಸಿ, Black & White ಪದರ ಹಾಕಿ. ಮಸುಕು ಮಾಡುವುದಕ್ಕೆ ಮುಂಚೆಯೇ ಮೂಲ ಚಿತ್ರದಿಂದ ದೂರದ ಗುಡ್ಡ, ಹತ್ತಿರದ ಗುಡ್ಡ, ಮುಂದಿನ ಬಂಡೆ ಈ ಮೂರನ್ನೂ ಬೇರೆ ಬೇರೆ ಪದರಗಳಲ್ಲಿ ಮಾಸ್ಕ್ ಮಾಡಿಕೊಳ್ಳಿ. ಈ ಅನುಕ್ರಮ ತಪ್ಪಬಾರದು, ಏಕೆಂದರೆ ಏಣಿನ ಮೇಲೆ ಬಂಡೆಗಳ ನಡುವೆ ಆಕಾಶ ಕಾಣುವ ಸಂದುಗಳೇ ಆನೆಗೊಂದಿಯ ಗುರುತು, ಮಸುಕು ಮಾಡಿದ ಮೇಲೆ ಅವು ಮುಚ್ಚಿಹೋಗುತ್ತವೆ. ಬಳಿಕ ಮಾಸ್ಕ್ ಮುಟ್ಟದೆ, ಒಳಗಿನ ಚಿತ್ರಕ್ಕೆ ಮಾತ್ರ Median ಹಾಕಿ. ನಿಮ್ಮ ಚಿತ್ರ 6000 ಪಿಕ್ಸೆಲ್ ಅಗಲವಿದೆ, 20ರ ಆಸುಪಾಸಿನಿಂದ ಆರಂಭಿಸಿ ನೋಡಿ. 2000 ಅಗಲದ ಚಿತ್ರಕ್ಕೆ 7 ಸಾಕಾಗುತ್ತದೆ. Gaussian Blur ಬಳಸಿದರೆ ಆಕಾಶದ ಬಿಳುಪು ಗುಡ್ಡದೊಳಕ್ಕೆ ಸೋರಿ, ಏಣಿನ ಉದ್ದಕ್ಕೂ ಒಳಬದಿಯಲ್ಲಿ ತೆಳು ಬಿಳಿಗೆರೆ ಮೂಡುತ್ತದೆ. ಆ ಗೆರೆ ಕಂಡರೆ ಹಿಂದಕ್ಕೆ ಹೋಗಿ.

ಸುಜಾತಾ, ರಾಯಚೂರು: ಸರ್, ಇಷ್ಟು ಕಷ್ಟ ಏಕೆ? ನನಗೆ ಬಂದ ಒಂದು ಫಾರ್ವರ್ಡ್‌ನಲ್ಲಿ ಸುಲಭ ಉಪಾಯವಿದೆ. ಚಿತ್ರದ ನಕಲು ಮಾಡಿ, Invert ಮಾಡಿ, Color Dodge ಇಟ್ಟು, ಸ್ವಲ್ಪ ಮಸುಕು ಮಾಡಿದರೆ ಸುಮಿ-ಎ ಸಿದ್ಧ ಎಂದು ಬರೆದಿದ್ದಾರೆ.

ವೀರೇಶ್, ಬಳ್ಳಾರಿ: ಅದು ಪೆನ್ಸಿಲ್ ರೇಖಾಚಿತ್ರದ ಉಪಾಯ. ಅಂಚುಗಳನ್ನು ಗೆರೆಯಾಗಿಸಿ ನಡುವಿನ ಬೂದು ಛಾಯೆಯನ್ನೆಲ್ಲ ಬಿಳಿಯಾಗಿಸುತ್ತದೆ. ಸುಮಿ-ಎ ನಿಂತಿರುವುದೇ ಆ ಬೂದು ಛಾಯೆಯ ಮೇಲೆ. ಈ ಫಾರ್ವರ್ಡ್ ಗುಂಪಿಗೆ ಹಿಂದೆಯೂ ಬಂದಿದೆ, ಆಗಲೂ ಇದನ್ನೇ ಹೇಳಿದ್ದೇನೆ.

ಖಾಜಾ, ಸಿಂಧನೂರು (ಮದುವೆ ಛಾಯಾಗ್ರಾಹಕ): ಖಾಲಿ ಜಾಗ ಬೇಕಾದರೆ ತೆಗೆಯುವಾಗಲೇ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಸಾಕು. ಆಕಾಶ ತಾನಾಗಿಯೇ ಹಾಳೆಯಂತೆ ಬಿಳಿಯಾಗುತ್ತದೆ, ಕಂಪ್ಯೂಟರಿನಲ್ಲಿ ಒದ್ದಾಡುವ ಅಗತ್ಯವೇ ಇಲ್ಲ.

ವೀರೇಶ್, ಬಳ್ಳಾರಿ: ಖಾಜಾ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆಕಾಶ ಬರಿದಾಗಬೇಕು ಎಂಬುದು ಸರಿ. ಆದರೆ ಎರಡು ಸ್ಟಾಪ್ ಹೆಚ್ಚಿಸಿದರೆ ಆಕಾಶದ ಜೊತೆಗೆ ದೂರದ ಗುಡ್ಡದ ಏಣೂ ಸುಟ್ಟುಹೋಗುತ್ತದೆ, ಸುಟ್ಟ ಬಿಳಿಯಿಂದ ಛಾಯೆಯನ್ನು ಮರಳಿ ತರಲಾಗುವುದಿಲ್ಲ. ಸರಿಯಾದ ಬೆಳಕಿನಲ್ಲೇ ತೆಗೆಯಿರಿ, ಬಿಳುಪನ್ನು ಆಮೇಲೆ ಕೊಡಿ. ತೆಗೆಯುವಾಗ ಮಾಡಬಹುದಾದ ಉಪಕಾರ ಬೇರೊಂದಿದೆ. ಸೂರ್ಯ ಗುಡ್ಡದ ಹಿಂದಿರುವಾಗ ತೆಗೆದರೆ ನಮ್ಮ ಕಡೆಯ ಮಗ್ಗುಲೆಲ್ಲ ನೆರಳಿನಲ್ಲಿರುವುದರಿಂದ ಬಂಡೆಗಳು ತಾವಾಗಿಯೇ ಒಂದಾಗುತ್ತವೆ. ಬಿಸಿಲು ಪಕ್ಕದಿಂದ ಬಿದ್ದ ಮೇಲೆ ಪ್ರತಿ ಬಂಡೆಯೂ ಎದ್ದು ನಿಲ್ಲುತ್ತದೆ.

ಮಂಜುನಾಥ, ಕೊಪ್ಪಳ: ಮೊಬೈಲಿನಲ್ಲಿ ಯಾವ ಆ್ಯಪ್ ಬಳಸಬೇಕು?

ವೀರೇಶ್, ಬಳ್ಳಾರಿ: ಪದರ ಮತ್ತು ಮಾಸ್ಕ್ ಎರಡೂ ಇರುವ ಯಾವುದಾದರೂ ಆಗಬಹುದು.

ವೀರೇಶ್, ಬಳ್ಳಾರಿ: ಬಸವರಾಜ ಅವರೇ, ಮುಂದುವರಿಸುತ್ತೇನೆ. ಈಗ ಮೂರು ಪದರಗಳಿಗೂ ಒಂದೊಂದು Curves ಕೊಟ್ಟು ಅವುಗಳ ಛಾಯೆಗಳನ್ನು ಒಂದರಿಂದೊಂದು ದೂರ ಸರಿಸಿ. ಹಾಳೆಗೆ ಅಪ್ಪಟ ಬಿಳಿ ಬೇಡ, 245, 242, 234ರಂತಹ ಮಾಸಲು ಬಿಳಿ ಸಾಕು. ದೂರದ ಗುಡ್ಡ 205ರ ಸುತ್ತ, ಹತ್ತಿರದ್ದು 145ರ ಸುತ್ತ ಇರಲಿ. ಮುಂದಿನ ಬಂಡೆ ಮಾತ್ರ 40ರವರೆಗೆ ಇಳಿಯಲಿ, ಅದೂ ಒಂದು ಮೂಲೆಯಲ್ಲಿ. ಹಸೆಗಾವ ತೋಹಾಕು 16ನೇ ಶತಮಾನದ ಕೊನೆಯ ಹೊತ್ತಿಗೆ ಬರೆದ ಪೈನ್ ಮರಗಳ ಪರದೆಗಳು ಟೋಕಿಯೊ ನ್ಯಾಷನಲ್ ಮ್ಯೂಸಿಯಂನಲ್ಲಿವೆ, ಅವುಗಳ ಚಿತ್ರವನ್ನು ತೆರೆದಿಟ್ಟುಕೊಂಡು ನೋಡಿ. ಹತ್ತಿರದ ಮರಗಳು ಒರಟು ಕಪ್ಪು, ಹಿಂದಿನವು ಉಸಿರು ತಾಗಿದ ಕನ್ನಡಿಯಷ್ಟು ಮಸುಕು, ಉಳಿದ ಬಹುಭಾಗ ಬರಿ ಹಾಳೆ. ಅಲ್ಲಿ ಮಂಜನ್ನು ಯಾರೂ ಬರೆದಿಲ್ಲ, ಮರ ಬರೆಯುವುದನ್ನು ನಿಲ್ಲಿಸಿದ ಜಾಗವೇ ಮಂಜಾಗಿದೆ.

ಬುಡ ಕರಗಿಸುವುದಕ್ಕೆ ಪ್ರತಿ ಗುಡ್ಡದ ಮಾಸ್ಕ್ ಮೇಲೆ ಕೆಳಗಿನಿಂದ ಮೇಲಕ್ಕೆ, ಕಪ್ಪಿನಿಂದ ಪಾರದರ್ಶಕಕ್ಕೆ ಹೋಗುವ Gradient ಎಳೆಯಿರಿ. ಏಣಿನಿಂದ ಅರ್ಧದವರೆಗೆ ಛಾಯೆ ಪೂರ್ತಿ ಇರಲಿ, ಅಲ್ಲಿಂದ ಇಳಿಯುತ್ತ ಬುಡದಲ್ಲಿ ಏನೂ ಉಳಿಯದಿರಲಿ. ಇಷ್ಟಕ್ಕೇ ಬಿಟ್ಟರೆ ಎಲ್ಲ ಗುಡ್ಡಗಳೂ ಒಂದೇ ಎತ್ತರದಲ್ಲಿ ಮಾಯವಾಗಿ, ನಡುವೆ ಅಡ್ಡಪಟ್ಟಿ ಎಳೆದಂತೆ ಕಾಣುತ್ತದೆ. ಆದ್ದರಿಂದ ದೊಡ್ಡ ಮೃದು ಬ್ರಷ್ಷನ್ನು 6ರಷ್ಟು Flow ಇಟ್ಟು, ಒಂದು ಕಡೆ ಮಂಜನ್ನು ಏಣಿನ ಹತ್ತಿರಕ್ಕೆ ಏರಿಸಿ, ಇನ್ನೊಂದು ಕಡೆ ತಗ್ಗಿಸಿ. Dehaze ಅನ್ನು ಋಣಕ್ಕೆ ಎಳೆದು ಮಂಜು ತರಲು ಹೋಗಬೇಡಿ, ಅದು ಬುಡದ ಜೊತೆಗೆ ಏಣನ್ನೂ ಮಂಕಾಗಿಸುತ್ತದೆ. ಕೊನೆಗೆ ಮೂಲ ಚಿತ್ರದಿಂದ ಬಂಡೆಗಳ ನಡುವಿನ ಮೂರು ನಾಲ್ಕು ಕಪ್ಪು ಬಿರುಕುಗಳನ್ನು ಮಾತ್ರ ಮರಳಿ ತನ್ನಿ, ಅವೆಲ್ಲವೂ ಏಣಿನ ಹತ್ತಿರವೇ ಇರಲಿ.

ಶರಣಪ್ಪ, ಲಿಂಗಸುಗೂರು (ನಿವೃತ್ತ ಚಿತ್ರಕಲಾ ಶಿಕ್ಷಕ): ವೀರೇಶರು ಮುಖ್ಯವಾದುದನ್ನೇ ಬಿಟ್ಟಿದ್ದಾರೆ. ನೀರುಶಾಯಿ ಒಣಗುವಾಗ ಅಂಚಿನಲ್ಲಿ ಕಪ್ಪು ಕಟ್ಟಿಕೊಳ್ಳುತ್ತದೆ. ಪ್ರತಿ ಬಳಿತಕ್ಕೂ ಗಾಢ ಅಂಚು ಕೊಡದಿದ್ದರೆ ಅದು ಶಾಯಿಯೇ ಅಲ್ಲ. ಇದಲ್ಲದೆ, ಈ ಕಲೆಯನ್ನು ಜಪಾನಿನದು ಎನ್ನುವುದೂ ಅರ್ಧ ಮಾತು, ಅದು ಚೀನಾದಿಂದ ಜೆನ್ ಭಿಕ್ಷುಗಳ ಮೂಲಕ ಹೋದದ್ದು.

ಬಸವರಾಜ, ಗಂಗಾವತಿ: ಗುರುಗಳೇ, ನಾನು ಕೇಳಿದ್ದು ಗುಡ್ಡದ ಬಗ್ಗೆ.

ವೀರೇಶ್, ಬಳ್ಳಾರಿ: ಮೇಷ್ಟ್ರೇ, ಚೀನಾದ ಮಾತು ನಿಜ. ಅಂಚಿನ ಮಾತು ನಮ್ಮ ಡ್ರಾಯಿಂಗ್ ಶೀಟಿಗೆ ನಿಜ, ಏಕೆಂದರೆ ಅದಕ್ಕೆ ಅಂಟು ಸವರಿರುವುದರಿಂದ ನೀರು ಮೇಲೆಯೇ ನಿಂತು, ಬಣ್ಣದ ಕಣಗಳು ಅಂಚಿಗೆ ಸರಿದು ಒಣಗುತ್ತವೆ. ಅಂಟಿಲ್ಲದ ಹಾಳೆ ಶಾಯಿಯನ್ನು ಬಿದ್ದ ಕೂಡಲೇ ಹೀರುತ್ತದೆ, ಅಂಚು ಗಾಢವಾಗುವ ಬದಲು ಹೊರಕ್ಕೆ ಹರಡಿ ತೆಳುವಾಗುತ್ತದೆ. ಜಲವರ್ಣದ ಫಿಲ್ಟರುಗಳು ಕೊಡುವ ಕಪ್ಪು ಅಂಚನ್ನು ಹಾಕಿದರೆ ಚಿತ್ರ ಸುಮಿ-ಎ ಬಿಟ್ಟು ಶಾಲೆಯ ಜಲವರ್ಣದ ಕಡೆಗೆ ಹೋಗುತ್ತದೆ.

ಶರಣಪ್ಪ, ಲಿಂಗಸುಗೂರು: ನಾನು ವರ್ಷಗಟ್ಟಲೆ ಮಕ್ಕಳಿಗೆ ಶಾಯಿ ಕಲಿಸಿದವನು. ಅಂಟು ಸವರಿದ ಹಾಳೆಯ ಮೇಲೂ ಜಪಾನಿನವರು ಬರೆದಿದ್ದಾರೆ.

ವೀರೇಶ್, ಬಳ್ಳಾರಿ: ಬರೆದಿದ್ದಾರೆ, ರೇಷ್ಮೆಯ ಮೇಲೂ ಬರೆದಿದ್ದಾರೆ. ಬಸವರಾಜರಿಗೆ ಬೇಕಾದುದು ಹರಡಿದ ಶಾಯಿ.

ಖಾಜಾ, ಸಿಂಧನೂರು: ಮೇಷ್ಟ್ರು ಕ್ಯಾಮೆರಾ ಹಿಡಿಯದೆಯೇ ಛಾಯಾಗ್ರಾಹಕರಿಗೆ ಪಾಠ ಹೇಳುತ್ತಿದ್ದಾರೆ.

ಶರಣಪ್ಪ, ಲಿಂಗಸುಗೂರು: ಆಕಾಶ ಸುಟ್ಟರೆ ಶಾಯಿಚಿತ್ರವಾಗುತ್ತದೆ ಎಂದವರಿಂದ ನಾನು ಕಲಿಯಬೇಕಾದುದು ಏನೂ ಇಲ್ಲ.

ಸುಜಾತಾ, ರಾಯಚೂರು: ಅಂಜನಾದ್ರಿಯ ಮೆಟ್ಟಿಲ ಮೇಲೆ ನಿಂತ ನಮ್ಮ ಕುಟುಂಬದ ಚಿತ್ರವೊಂದಿದೆ. ಮುಖಗಳು ಸ್ಪಷ್ಟವಾಗಿ ಉಳಿದು ಹಿಂದಿನದೆಲ್ಲ ಶಾಯಿಯಾಗಬೇಕು. ಹಾಗೆಯೇ, ಇದನ್ನು ಕೈಕಾಗದದ ಮೇಲೆ ಮುದ್ರಿಸಲು ಎಷ್ಟು ಖರ್ಚಾಗುತ್ತದೆ?

ಮಂಜುನಾಥ, ಕೊಪ್ಪಳ: ಮೊಬೈಲ್ ಆ್ಯಪ್‌ನ ಹೆಸರು ಹೇಳಲಿಲ್ಲ. ಈ ಕಡತ ಒಬ್ಬರು ಕಳುಹಿಸಿದ್ದಾರೆ, ಒಂದೇ ಒತ್ತಿಗೆ ಸುಮಿ-ಎ ಮಾಡುತ್ತದಂತೆ, ಹಾಕಿಕೊಳ್ಳಬಹುದೇ? (ಕಡತ ಲಗತ್ತಿಸಿದೆ)

ವೀರೇಶ್, ಬಳ್ಳಾರಿ: ಬೇಡ. ಯಾರೋ ಕಳುಹಿಸಿದ ಎಪಿಕೆ ಕಡತವನ್ನು ಫೋನಿಗೆ ಹಾಕಬೇಡಿ, ಅದರೊಳಗೆ ಏನಿದೆಯೆಂದು ಅದನ್ನು ಹಂಚುತ್ತಿರುವ ನಿಮಗೂ ತಿಳಿದಿಲ್ಲ. ಕಡತವನ್ನು ಗುಂಪಿನಿಂದ ಈಗಲೇ ತೆಗೆಯಿರಿ.

ಬಸವರಾಜ, ಗಂಗಾವತಿ: ಸರ್, ಎರಡನೆಯ ಕರಡು ಹಾಕಿದ್ದೇನೆ. ಗುಡ್ಡಗಳು ಬಂದಿವೆ. ಮುಂದಿನ ಬಂಡೆಗೆ ಕುಂಚದ ಅಂಚು ಬರಲೆಂದು ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಒಣಬ್ರಷ್ ಎಳೆದಿದ್ದೇನೆ, ಅದು ಏಕೋ ಮುದ್ರೆ ಒತ್ತಿದಂತೆ ಕಾಣುತ್ತಿದೆ. ಆಕಾಶದಲ್ಲಿ ಪಟ್ಟೆಗಳೂ ಬಂದಿವೆ. ಹರಿಗೋಲು ಇಡಲೋ ಬಿಡಲೋ ತಿಳಿಯುತ್ತಿಲ್ಲ.

ವೀರೇಶ್, ಬಳ್ಳಾರಿ: ಗುಡ್ಡಗಳು ಚೆನ್ನಾಗಿ ಬಂದಿವೆ, ದೂರದ್ದನ್ನು ಇನ್ನೂ ಸ್ವಲ್ಪ ತಿಳಿಯಾಗಿಸಬಹುದು. ಬಂಡೆಯ ಅಂಚಿನಲ್ಲಿ ಒಂದೇ ಎಳೆಯ ಸೀಳು ಸಮನಾದ ಅಂತರದಲ್ಲಿ ಮತ್ತೆ ಮತ್ತೆ ಬಂದಿದೆ. ಬ್ರಷ್ ಎಂಬುದು ಒಂದೇ ಅಚ್ಚನ್ನು ಸಾಲಾಗಿ ಒತ್ತುತ್ತ ಹೋಗುವುದರಿಂದ ಉದ್ದನೆಯ ಎಳೆತಕ್ಕೆ ಅದು ಒದಗುವುದಿಲ್ಲ. ಚಪ್ಪಟೆ ಕುಂಚವನ್ನು ಕಪ್ಪು ಡ್ರಾಯಿಂಗ್ ಶಾಯಿಯಲ್ಲಿ ಅದ್ದಿ, ಬಟ್ಟೆಗೆ ಒತ್ತಿ ಅರೆಬರೆ ಒಣಗಿಸಿ, ಒರಟು ಹಾಳೆಯ ಮೇಲೆ ನಿಧಾನವಾಗಿ ಆರಂಭಿಸಿ ಬೇಗನೆ ಎಳೆದು ಮುಗಿಸಿ. ಆರಂಭದಲ್ಲಿ ಗಾಢವಾಗಿಯೂ ಕೊನೆಯಲ್ಲಿ ಎಳೆ ಎಳೆಯಾಗಿ ಒಡೆದೂ ಬರುತ್ತದೆ. ಅದನ್ನು ನೆರಳಿನ ಬೆಳಕಿನಲ್ಲಿ ಫೋಟೊ ತೆಗೆದು, Levels ನಲ್ಲಿ ಹಾಳೆಯನ್ನು ಬಿಳಿಯಾಗಿಸಿ, Invert ಮಾಡಿ ಬಂಡೆಯ ಮಾಸ್ಕ್‌ಗೆ ಅಂಟಿಸಿ, Warp ಮೂಲಕ ಬಂಡೆಯ ಮೈಯಂತೆ ಬಗ್ಗಿಸಿ. ಬಂಡೆ ನಿಮ್ಮದು, ಅಂಚು ನಿಜವಾದ ಕುಂಚದ್ದು ಆಗುತ್ತದೆ. ಒಡೆದ ತುದಿ ಬಲಕ್ಕೆ, ಹೊಳೆಯ ಕಡೆಗೆ ಇರಲಿ. ಎಡ ಮತ್ತು ಕೆಳಗಿನ ಅಂಚುಗಳು ಚಿತ್ರದ ಚೌಕಟ್ಟಿಗೆ ತಾಗದೆ ಹಾಳೆಯಲ್ಲಿ ಮುಗಿಯಬೇಕು, ಈಗ ನೇರವಾಗಿ ಕತ್ತರಿಸಿದಂತಿದೆ, ಅದರಿಂದಲೇ ಫೋಟೊ ಎಂದು ತಿಳಿದುಬಿಡುತ್ತದೆ. ಇಂತಹ ಒಡೆದ ಅಂಚು ಇಡೀ ಚಿತ್ರಕ್ಕೆ ಒಂದೆರಡು ಕಡೆ ಸಾಕು, ಗುಡ್ಡಗಳಿಗೆ ಬೇಡವೇ ಬೇಡ.

ಪಟ್ಟೆಗಳಿಗೆ ಕಾರಣ, ನೀವು ನಡುವೆ 8 ಬಿಟ್‌ಗೆ ಇಳಿದಿದ್ದೀರಿ. Sumi-e ಫಿಲ್ಟರನ್ನು ಮತ್ತೊಮ್ಮೆ ಹಾಕಿ ನೋಡಲೆಂದು ಇಳಿದಿರಬೇಕು, ಏಕೆಂದರೆ ಅದು 16 ಬಿಟ್‌ನಲ್ಲಿ ತೆರೆಯುವುದಿಲ್ಲ. ಕೊನೆಯವರೆಗೂ 16ರಲ್ಲೇ ಇದ್ದು, ಮುಗಿಸುವ ಮೊದಲು Add Noise ನಲ್ಲಿ Monochromatic ಗುರುತು ಹಾಕಿ 1 ಪ್ರತಿಶತ ಕೊಡಿ. ಗುಂಪಿಗೆ ಹಾಕುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲದಿದ್ದರೆ ವಾಟ್ಸ್ಆ್ಯಪ್ ಚಿತ್ರವನ್ನು ಹಿಂಡಿ ಪಟ್ಟೆಗಳನ್ನು ಮತ್ತೆ ತರುತ್ತದೆ.

ಹರಿಗೋಲು ಇರಲಿ, ಆದರೆ ಅದರ ಹಿಂದಿನ ನೀರಿನ ಅಲೆಗಳನ್ನೆಲ್ಲ ತೆಗೆದುಬಿಡಿ. ಬರಿ ಹಾಳೆಯ ಮೇಲೆ ಹರಿಗೋಲಿದ್ದರೆ ನೋಡುವವರು ಅದನ್ನು ಹೊಳೆಯೆಂದೇ ತಿಳಿಯುತ್ತಾರೆ. ಅದರಲ್ಲಿರುವ ಮನುಷ್ಯನ ಕೆಂಪು ಅಂಗಿ ಕಪ್ಪು ಬಿಳುಪಿನಲ್ಲಿ ಗುಡ್ಡದಷ್ಟೇ ಬೂದಾಗಿದೆ, Black & White ಪದರದಲ್ಲಿ ಕೆಂಪನ್ನು ಇಳಿಸಿದರೆ ಗಾಢವಾಗುತ್ತದೆ.

ಶರಣಪ್ಪ, ಲಿಂಗಸುಗೂರು: ಅಲೆ ತೆಗೆದರೆ ಹರಿಗೋಲು ಗಾಳಿಯಲ್ಲಿ ತೇಲುತ್ತದೆ. ಕನಿಷ್ಠ ಅದರ ಕೆಳಗೆ ಒಂದು ತೆಳು ನೆರಳಾದರೂ ಬೇಕು.

ವೀರೇಶ್, ಬಳ್ಳಾರಿ: ಇದನ್ನು ಒಪ್ಪುತ್ತೇನೆ, ಒಂದು ಎಳೆತದಷ್ಟು ನೆರಳು ಇರಲಿ.

ಖಾಜಾ, ಸಿಂಧನೂರು: ಹರಿಗೋಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಹೋಟೆಲಿನ ಗೋಡೆಯ ಕ್ಯಾಲೆಂಡರಿನಂತೆ ಕಾಣುತ್ತದೆ.

ಶರಣಪ್ಪ, ಲಿಂಗಸುಗೂರು: ನಿಮ್ಮ ಅಭಿಪ್ರಾಯವನ್ನು ಇಲ್ಲಿ ಯಾರೂ ಕೇಳಿಲ್ಲ.

ಮಂಜುನಾಥ, ಕೊಪ್ಪಳ: ಆ್ಯಪ್ ಹೆಸರು ಸರ್?

ವೀರೇಶ್, ಬಳ್ಳಾರಿ: ಮೇಲೆ ಹೇಳಿದ್ದೇನೆ. ಕಡತ ಇನ್ನೂ ಗುಂಪಿನಲ್ಲೇ ಇದೆ, ಮೊದಲು ಅದನ್ನು ತೆಗೆಯಿರಿ.