13 ಮತ್ತು 17: ಜೀರುಂಡೆಗೆ ಅವಿಭಾಜ್ಯ ಸಂಖ್ಯೆ ಯಾಕೆ?

ಪ್ರಶ್ನೆ: ನಾವು ಚಿಕಾಗೋ ಹತ್ತಿರ ಇದ್ದೇವೆ. 2024ರ ಮೇ ಕೊನೆಯಲ್ಲಿ ಹಿತ್ತಲಿನ ಮರದ ಬುಡದಲ್ಲೆಲ್ಲ ತೂತುಗಳು, ಕಾಂಡದ ತುಂಬ ಕೆಂಪು ಕಣ್ಣಿನ ಜೀರುಂಡೆಗಳು. 17 ವರ್ಷ ಮಣ್ಣಲ್ಲಿದ್ದವಂತೆ, 13 ವರ್ಷ ಇರುವ ಗುಂಪುಗಳೂ ಇವೆಯಂತೆ. 17 ಅವಿಭಾಜ್ಯ ಸಂಖ್ಯೆ ಆಗಿರುವುದಕ್ಕೆ ಕಾರಣ ಇದೆಯಾ, ಅಥವಾ ಸುಮ್ನೆ ಕಾಕತಾಳೀಯವಾ?

ಗಣಿತದ ಮೇಷ್ಟ್ರು: ಕಾರಣ ಇದೆ. ಜೀರುಂಡೆಗೆ 12 ವರ್ಷದ ಚಕ್ರ ಇದ್ದರೆ, 2, 3, 4, 6 ವರ್ಷಕ್ಕೊಮ್ಮೆ ಹೆಚ್ಚುವ ಶತ್ರುಗಳೆಲ್ಲ ಪ್ರತಿ ಸಲವೂ ಎದುರಾಗಬಹುದು. 13 ಆದರೆ 4 ವರ್ಷದ ಶತ್ರು ಸಿಗುವುದು 52 ವರ್ಷಕ್ಕೊಮ್ಮೆ. ಇದು ಸಾಬೀತಾದ ವಿಷಯ.

ಕೀಟ ವಿಜ್ಞಾನಿ: ಲೆಕ್ಕ ಸರಿ ಸರ್, ಆದರೆ ಸಾಬೀತಾಗಿಲ್ಲ. ಹಾಗೆ 4 ವರ್ಷಕ್ಕೊಮ್ಮೆ ಹೆಚ್ಚಿ ಇವನ್ನೇ ಕಾಯುವ ಶತ್ರು ಯಾವುದು? ಯಾರೂ ತೋರಿಸಿಲ್ಲ. ಇವನ್ನು ತಿನ್ನುವ ಹಕ್ಕಿ, ಅಳಿಲುಗಳೆಲ್ಲ ಪ್ರತಿ ವರ್ಷ ಇರುವಂಥವು. ಅವುಗಳಿಂದ ಉಳಿಯುವ ದಾರಿ ಬೇರೆ: ಎಲ್ಲವೂ ಒಟ್ಟಿಗೆ ಹೊರಬರುವುದು. ಒಂದು ಎಕರೆಯಲ್ಲಿ ಹತ್ತು ಲಕ್ಷ ದಾಟಬಹುದು. ಹಕ್ಕಿಗಳ ಹೊಟ್ಟೆ ತುಂಬಿದ ಮೇಲೂ ಬೇಕಾದಷ್ಟು ಉಳಿಯುತ್ತವೆ. ಇದಕ್ಕೆ ಎಲ್ಲವೂ ಒಂದೇ ವರ್ಷ ಬಂದರೆ ಸಾಕು, ಆ ವರ್ಷದ ಲೆಕ್ಕ ಅವಿಭಾಜ್ಯವೇ ಆಗಬೇಕಿಲ್ಲ.

ಇನ್ನೊಂದು ವಾದ ಜಪಾನಿನ ವಿಜ್ಞಾನಿ ಯೋಶಿಮುರಾ ಅವರದು. ಹಿಮಯುಗದ ಚಳಿಯಲ್ಲಿ ಬೆಳವಣಿಗೆ ನಿಧಾನವಾಗಿ ಬೇರೆಬೇರೆ ಚಕ್ರದ ಗುಂಪುಗಳು ಇದ್ದವು. ಎರಡು ಗುಂಪು ಒಂದೇ ವರ್ಷ ಬಂದು ಕೂಡಿದರೆ ಮರಿಗಳ ಕಾಲ ಎತ್ತಲೋ ತಪ್ಪುತ್ತದೆ, ಒಂಟಿಯಾಗಿ ಹೊರಬಂದು ಸಾಯುತ್ತವೆ. 13, 17 ಬೇರೆಯವರ ಜೊತೆ ಕೂಡುವುದು ಕಡಿಮೆ, ಹಾಗಾಗಿ ಉಳಿದವು ಅಂತ. ನನಗೆ ಇದೇ ಜಾಸ್ತಿ ಒಪ್ಪಿಗೆ.

ಗಣಿತದ ಮೇಷ್ಟ್ರು: 13 ವರ್ಷದ ಒಂದು ಗುಂಪು, 17 ವರ್ಷದ ಒಂದು ಗುಂಪು ಸೇರುವುದು 13×17, ಅಂದರೆ 221 ವರ್ಷಕ್ಕೊಮ್ಮೆ! 2024ರಲ್ಲಿ ಇಲಿನಾಯ್‌ನಲ್ಲಿ ಅಂಥ ಎರಡು ಗುಂಪು ಬಂದವು, ಅದೇ ಜೋಡಿ ಅದಕ್ಕೆ ಮುಂಚೆ ಬಂದದ್ದು 1803ರಲ್ಲಿ.

ಕೀಟ ವಿಜ್ಞಾನಿ: ಹೌದು. ಆದರೆ 15 ಮತ್ತು 16 ಸೇರುವುದು 240 ವರ್ಷಕ್ಕೊಮ್ಮೆ, ಎರಡೂ ಅವಿಭಾಜ್ಯ ಅಲ್ಲ. ಅಂದರೆ ಎರಡೇ ಗುಂಪಿದ್ದರೆ ಅವಿಭಾಜ್ಯದ ಲಾಭ ಕಾಣುವುದಿಲ್ಲ. ಹಲವು ಚಕ್ರಗಳು ಒಂದೇ ಕಾಡಿನಲ್ಲಿ ಇದ್ದಾಗ ಮಾತ್ರ ಕಾಣುತ್ತದೆ.

ತೀರ್ಥಹಳ್ಳಿ ಕಡೆಯವರು: ನಮ್ಮ ತೋಟದಲ್ಲಿ ಪ್ರತಿ ವರ್ಷ ಕೂಗುತ್ತವಲ್ಲ, ಈ 17 ವರ್ಷ ಎಲ್ಲಿಂದ ಬಂತು?

ಕೀಟ ವಿಜ್ಞಾನಿ: ನಿಮ್ಮವು ಬೇರೆ ಜಾತಿ ಸರ್. ಅವೂ ಕೆಲವು ವರ್ಷ ಮಣ್ಣಲ್ಲೇ ಇರುತ್ತವೆ, ಆದರೆ ಒಂದೊಂದು ಪಾಳಿ ಒಂದೊಂದು ವರ್ಷ ಬರುತ್ತದೆ. ಮೇಘಾಲಯದ ರಿ-ಭೋಯ್‌ನಲ್ಲಿ 4 ವರ್ಷಕ್ಕೊಮ್ಮೆ ಒಟ್ಟಿಗೆ ಏಳುವ ಜಾತಿ ಇದೆ. ಫಿಜಿಯಲ್ಲಿ 8 ವರ್ಷದ್ದು. ಎರಡೂ ಅವಿಭಾಜ್ಯ ಅಲ್ಲ!

ಪ್ರಶ್ನೆ ಕೇಳಿದವರು: ಪಕ್ಕದ ಮನೆಯವರು 2020ರಲ್ಲೇ ಒಂದಷ್ಟು ಕಂಡೆವು ಅಂದರು. ಹಾಗಾದರೆ ಎಣಿಕೆ ತಪ್ಪಿದವಾ?

ಕೀಟ ವಿಜ್ಞಾನಿ: ನಾಲ್ಕು ವರ್ಷ ಮುಂಚೆ ಬರುವುದು ಇವುಗಳಲ್ಲಿ ಆಗಾಗ ಆಗುತ್ತದೆ, 17 ಮತ್ತು 13ರ ನಡುವಿನ ಅಂತರವೂ ನಾಲ್ಕೇ ಅಲ್ವಾ. ಇವು ಎಣಿಸುವುದು ಮರದ ಬೇರಿನ ರಸವನ್ನು. ವಸಂತದಲ್ಲಿ ಮರ ಚಿಗುರಿದಾಗ ರಸ ಬದಲಾಗುತ್ತದೆ, ಅದು ಒಂದು ವರ್ಷ. ಕಾರ್ಬನ್ ಎಂಬ ವಿಜ್ಞಾನಿ ಪೀಚ್ ಮರಗಳನ್ನು ಒಂದೇ ವರ್ಷದಲ್ಲಿ ಎರಡು ಸಲ ಹೂ ಬಿಡುವಂತೆ ಮಾಡಿದರು. ಬುಡದಲ್ಲಿದ್ದ ಮರಿಗಳು ಒಂದು ವರ್ಷ ಮೊದಲೇ ಎದ್ದವು. ಆದರೆ ಎಣಿಕೆಯನ್ನು ಎಲ್ಲಿ ನೆನಪಿಟ್ಟುಕೊಳ್ಳುತ್ತವೆ ಅನ್ನೋದು ಇನ್ನೂ ಬಿಡಿಸದ ಒಗಟು.

ಗಣಿತದ ಮೇಷ್ಟ್ರು: ಆದರೂ 13, 17 ಎರಡೂ ಅವಿಭಾಜ್ಯ ಆಗಿರುವುದು ಸುಮ್ನೆ ಅಂತ ನಾನು ಒಪ್ಪಲಾರೆ.

ಕೀಟ ವಿಜ್ಞಾನಿ: ಒಪ್ಪಬೇಡಿ, ಚರ್ಚೆ ಮುಗಿದಿಲ್ಲ. ಕೇಳಿದವರಿಗೆ ಒಂದು ಮಾತು: ನಿಮ್ಮ ಗುಂಪು ಮತ್ತೆ ಬರುವುದು 2041ಕ್ಕೆ. ಹೆಣ್ಣುಗಳು ಎಳೆ ಕೊಂಬೆ ಸೀಳಿ ಮೊಟ್ಟೆ ಇಡುತ್ತವೆ. ಸಣ್ಣ ಗಿಡಗಳಿದ್ದರೆ ಆಗ ಬಲೆ ಮುಚ್ಚಿ, ಔಷಧಿ ಹೊಡೆಯಬೇಡಿ.